ಬಾರೆನೆನ್ನಲಾಗದ ಆಹ್ವಾನಗಳು

ಮದುವೆ ಮುಂಜಿಗಳ ಕರೆಯನ್ನು ಮನ್ನಿಸಲಾಗದವನಿಗೆ ನಮ್ಮ ಸಮಾಜವು ಹಿಂದಿನಿಂದಲೂ ಮರ್ಯಾದೆಯ ಕೆಲವು ದಾರಿಗಳನ್ನು ಬಿಟ್ಟಿದೆ. ಮುಹೂರ್ತಕ್ಕೆ ಬರಲಾಗದವನು ಆರತಕ್ಷತೆಗೆ ಬರಬಹುದು. ಅದಕ್ಕೂ ಬಿಡುವಿಲ್ಲದವನು ಮನೆಯಿಂದ ಒಬ್ಬರನ್ನು ಕಳುಹಿಸಬಹುದು. ಅದೂ ಆಗದಿದ್ದರೆ ಹೋಗುವವರ ಕೈಯಲ್ಲಿ ಮುಯ್ಯಿಯನ್ನಿತ್ತು, ತಿಂಗಳೊಪ್ಪತ್ತಿನಲ್ಲಿ ಹೊಸ ದಂಪತಿಗಳನ್ನು ಊಟಕ್ಕೆ ಕರೆದು ಋಣವನ್ನು ತೀರಿಸಿಕೊಳ್ಳಬಹುದು. ಕಚೇರಿಯ ಕರೆಗೆ ಇಂತಹ ಯಾವ ಪರಿಹಾರವೂ ಇಲ್ಲ. ಅಲ್ಲಿಗೆ ತಮ್ಮನನ್ನೋ ಮಗನನ್ನೋ ಕಳುಹಿಸುವಂತಿಲ್ಲ; ಉಡುಗೊರೆಯಿಂದ ಗೈರುಹಾಜರಿಯನ್ನು ತುಂಬುವಂತಿಲ್ಲ; ಎಲ್ಲಕ್ಕೂ ಮಿಗಿಲಾಗಿ, ಕರೆಯುವ ಮನುಷ್ಯನು ವರ್ಷಾಂತ್ಯದಲ್ಲಿ ನಮ್ಮ ಸಂಬಳದ ಏರಿಕೆಯನ್ನೂ ಬಡ್ತಿಯನ್ನೂ ಕುರಿತು ಅಭಿಪ್ರಾಯ ಬರೆಯುವವನೇ ಆಗಿರುತ್ತಾನೆ. ಟೀಮ್ ಔಟಿಂಗ್ ಎಂದು ಎಲ್ಲರೂ ಕರೆಯುವ ಸಾಮೂಹಿಕ ವಿಹಾರ, ಕೆಲಸ ಮುಗಿದ ಬಳಿಕದ ಪಾನಗೋಷ್ಠಿ, ಕಚೇರಿಯೊಳಗಣ ಹಬ್ಬದ ಆಚರಣೆ, ಈ ಮೂರಕ್ಕೂ ಆಮಂತ್ರಣದ ಭಾಷೆ ಒಂದೇ: ‘ಬಲವಂತವೇನೂ ಇಲ್ಲ, ಆದರೆ ಎಲ್ಲರೂ ಬಂದರೆ ಚೆನ್ನಾಗಿರುತ್ತದೆ.’ ವಾಕ್ಯದ ಪೂರ್ವಾರ್ಧವನ್ನು ನಂಬಿ ಮನೆಯಲ್ಲುಳಿದವನಿಗೆ ಉತ್ತರಾರ್ಧದ ತೂಕ ಸೋಮವಾರ ಬೆಳಗ್ಗೆ ತಿಳಿಯುತ್ತದೆ.

ಈ ವಿಷಯವನ್ನು ಕುರಿತ ಚರ್ಚೆಯು ಸಾಮಾನ್ಯವಾಗಿ ಸ್ವಭಾವಗಳ ವಿಂಗಡಣೆಯಲ್ಲಿ ಮುಗಿದುಹೋಗುತ್ತದೆ. ಬರುವವನು ಸ್ನೇಹಪರ, ಬಾರದವನು ಬಿಂಕದವನು. ಅಥವಾ, ಕರೆಯುವವನು ಅವಿವೇಕಿ, ತಪ್ಪಿಸಿಕೊಳ್ಳುವವನು ಜಾಣ. ಆದರೆ ಪ್ರಶ್ನೆಯ ಮೂಲವಿರುವುದು ಮನುಷ್ಯರ ಸ್ವಭಾವದಲ್ಲಿ ಅಲ್ಲವೆಂದು ನನಗೆ ತೋರುತ್ತದೆ. ಈ ಕೂಟಗಳು ಕೆಲಸವೋ ವಿರಾಮವೋ ಎಂಬುದನ್ನು ಯಾರೂ ನಿರ್ಧರಿಸದೆ ಬಿಟ್ಟಿರುವುದರಲ್ಲಿಯೇ ಅದು ಅಡಗಿದೆ. ಅಲ್ಲಿ ಕಳೆದ ಹೊತ್ತಿಗೆ ವೇತನವನ್ನೋ ಬದಲಿ ರಜೆಯನ್ನೋ ಕೇಳಿದರೆ ಅದು ವಿರಾಮವೆನಿಸಿಕೊಳ್ಳುತ್ತದೆ. ಅಲ್ಲಿಗೆ ಬರಲಿಲ್ಲವೆಂದರೆ ಅದೇ ಕರ್ತವ್ಯಲೋಪವಾಗುತ್ತದೆ. ದಾರಿಯಲ್ಲಿ ಅಪಘಾತವಾದರೆ ಮತ್ತೆ ಅದು ವೈಯಕ್ತಿಕ ವಿನೋದಯಾತ್ರೆಯಾಗಿಬಿಡುತ್ತದೆ. ಸಂಸ್ಥೆಗೆ ಯಾವಾಗ ಯಾವ ಮುಖ ಅನುಕೂಲವೋ ಆಗ ಆ ಮುಖವನ್ನು ತೋರಿಸುವ ಈ ದ್ವೈಧೀಭಾವವನ್ನು ಮೂರು ಹೊರದೇಶಗಳ ನ್ಯಾಯಾಲಯಗಳು ಹೇಗೆ ಎದುರಿಸಿದುವೆಂಬುದನ್ನು ಮೊದಲು ನೋಡಿ, ಅನಂತರ ನಮ್ಮ ಬೆಂಗಳೂರಿಗೆ ಬರೋಣ.

ಕಚೇರಿಯ ಪಾನಗೋಷ್ಠಿಯನ್ನು ಒಂದು ಸಂಸ್ಥೆಯ ಮಟ್ಟಕ್ಕೆ ಬೆಳೆಸಿದ ನಾಡು ಜಪಾನು. ಅಲ್ಲಿ ಹೊಸಬರು ಬಂದಾಗ, ಹಳಬರು ಹೋದಾಗ, ವರ್ಷ ಮುಗಿದಾಗ ನಡೆಯುವ ನೋಮಿಕೈ ಎಂಬ ಕೂಟದಲ್ಲಿ ಮೇಲಧಿಕಾರಿಯ ಬಟ್ಟಲನ್ನು ಬರಿದಾಗಬಿಡದೆ ತುಂಬುವುದು ಕಿರಿಯನ ಕೆಲಸ. ಅದು ಮುಗಿದ ಮೇಲೆ ಬೇರೊಂದು ಅಂಗಡಿಯಲ್ಲಿ ಎರಡನೆಯ ಸುತ್ತು ಉಂಟು. ಈ ಕೂಟಗಳು ಸ್ವಯಂಪ್ರೇರಿತವೆಂಬ ಭಾವನೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2016ರ ಜುಲೈ 8ರಂದು ಒಂದು ಮೊಕದ್ದಮೆಯಲ್ಲಿ ಪರೀಕ್ಷಿಸಿತು. ಫುಕುವೋಕಾ ಪ್ರಾಂತದ ಒಂದು ಕಾರ್ಖಾನೆಯ ನೌಕರನಿಗೆ 2010ರ ಡಿಸೆಂಬರಿನಲ್ಲಿ, ಚೀನದ ಅಂಗಸಂಸ್ಥೆಯಿಂದ ತರಬೇತಿಗೆ ಬಂದಿದ್ದವರ ಸತ್ಕಾರಕೂಟಕ್ಕೆ ಕರೆ ಬಂದಿತು. ಮರುದಿನವೇ ಒಪ್ಪಿಸಬೇಕಾದ ಒಂದು ಬರವಣಿಗೆ ಅವನ ಮೇಜಿನ ಮೇಲಿದ್ದುದರಿಂದ ತಾನು ಬರಲಾರೆನೆಂದು ಅವನು ಹೇಳಿದನು. ಮೇಲಧಿಕಾರಿಯು, ಇವತ್ತೊಂದು ದಿನ ಬಾ, ಕೂಟ ಮುಗಿದ ಮೇಲೆ ಆ ಬರವಣಿಗೆಗೆ ನಾನೂ ಕೈಹಚ್ಚುತ್ತೇನೆ ಎಂದನು. ನೌಕರನು ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ, ಸಂಸ್ಥೆಯ ಕಾರಿನಲ್ಲಿ, ಕೂಟ ಮುಗಿಯುವ ಹೊತ್ತಿಗೆ ಹೋಗಿ ತಲುಪಿದನು, ಮದ್ಯವನ್ನು ಮುಟ್ಟಲಿಲ್ಲ, ಕುಡಿದಿದ್ದ ಆ ಅತಿಥಿಗಳನ್ನು ಅವರ ವಸತಿಗೆ ಬಿಟ್ಟು ಕಾರ್ಖಾನೆಗೆ ಮರಳಿ ಉಳಿದ ಕೆಲಸ ಮುಗಿಸುವ ಉದ್ದೇಶದಿಂದ ಹೊರಟವನು ದಾರಿಯಲ್ಲಿ ಲಾರಿಯೊಂದಕ್ಕೆ ಡಿಕ್ಕಿಯಾಗಿ ತೀರಿಕೊಂಡನು. ಪತ್ನಿ ಪರಿಹಾರ ಕೇಳಿದಾಗ ಕಾರ್ಮಿಕ ಇಲಾಖೆಯೂ ಕೆಳಗಿನ ನ್ಯಾಯಾಲಯಗಳೂ, ಅದು ಸ್ನೇಹಕ್ಕಾಗಿ ನಡೆದ ಖಾಸಗಿ ಕೂಟ, ಅಲ್ಲಿಗೆ ಹೋದದ್ದು ಅವನ ಇಷ್ಟ ಎಂದು ಕೈಬಿಟ್ಟುವು. ಸರ್ವೋಚ್ಚ ನ್ಯಾಯಾಲಯವು ಕೂಟದ ಹೆಸರನ್ನು ಬದಿಗಿಟ್ಟು ಘಟನೆಗಳ ಅನುಕ್ರಮವನ್ನು ನೋಡಿತು. ಒಲ್ಲೆನೆಂದವನನ್ನು ಮತ್ತೆ ಕರೆದರು. ಹೋಗದೆ ವಿಧಿಯಿಲ್ಲದ ಸ್ಥಿತಿಯಲ್ಲಿ ಅವನನ್ನು ಇರಿಸಿದರು. ಮೇಲಧಿಕಾರಿ ಮಾಡಬೇಕಾಗಿದ್ದ ಸಾಗಣೆಯ ಕೆಲಸವನ್ನು ಅವನು ಮಾಡಿದನು. ಆದಕಾರಣ ಆ ಮರಣವು ಸಂಸ್ಥೆಯ ಅಧೀನದಲ್ಲಿದ್ದಾಗ ಸಂಭವಿಸಿದ್ದು ಎಂದು ಅದು ತೀರ್ಮಾನಿಸಿತು.

ಈ ತೀರ್ಪಿನಲ್ಲಿ ನಮ್ಮ ಪ್ರಯೋಜನಕ್ಕೆ ಬರುವ ಅಂಶವೊಂದಿದೆ. ಒತ್ತಾಯವನ್ನು ನ್ಯಾಯಾಲಯವು ಆಜ್ಞೆಯ ಮಾತುಗಳಲ್ಲಿ ಹುಡುಕಲಿಲ್ಲ. ಮೇಲಧಿಕಾರಿ ಗದರಿಸಿರಲಿಲ್ಲ, ಅತ್ಯಂತ ಸೌಜನ್ಯದಿಂದಲೇ ಮಾತನಾಡಿದ್ದನು. ಒಮ್ಮೆ ಕಾರಣಸಹಿತವಾಗಿ ಇಲ್ಲವೆಂದವನನ್ನು ಅವನಿಗಿಂತ ಮೇಲಿನವನು ಎರಡನೆಯ ಸಲ ಕೇಳಿದನೆಂಬುದು ಒತ್ತಾಯದ ಮುಖ್ಯ ಸಾಕ್ಷ್ಯಗಳಲ್ಲೊಂದಾಯಿತು.

ದಕ್ಷಿಣ ಕೊರಿಯದಲ್ಲಿ ಇದೇ ಪ್ರಶ್ನೆಗೆ ಒಂದೇ ಸರ್ಕಾರ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿರುವುದು ಒಂದು ಸೋಜಿಗ. ಅಲ್ಲಿ ಹ್ವೆಸಿಕ್ ಎಂಬ ಹೆಸರಿನ ಸಾಮೂಹಿಕ ಭೋಜನವು ಸೋಜು ಮದ್ಯದೊಂದಿಗೆ ಆರಂಭವಾಗಿ ಅಂಗಡಿಯಿಂದಂಗಡಿಗೆ ಸಾಗುತ್ತದೆ. ವಾರಕ್ಕೆ ಎರಡು ಸಲವಾದರೂ ನಡುರಾತ್ರಿ ಮೀರಿ ಕುಡಿಯುವಂತೆ ಮೇಲಧಿಕಾರಿಯಿಂದ ಒತ್ತಾಯಕ್ಕೊಳಗಾದ ಒಬ್ಬ ತರುಣಿಗೆ ಆತನು 3 ಕೋಟಿ ವಾನ್ ಪರಿಹಾರ ಕೊಡಬೇಕೆಂದು ಸೋಲ್ ನಗರದ ಉಚ್ಚ ನ್ಯಾಯಾಲಯವು 2007ರಲ್ಲಿ ವಿಧಿಸಿತು. 2018ರಲ್ಲಿ ವಾರದ ದುಡಿಮೆಗೆ 52 ಗಂಟೆಗಳ ಮಿತಿ ಬಂದಾಗ, ಹ್ವೆಸಿಕ್‌ನಲ್ಲಿ ಕಳೆದ ಹೊತ್ತನ್ನು ಈ ಲೆಕ್ಕಕ್ಕೆ ಸೇರಿಸಬೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಮೇಲಧಿಕಾರಿ ಒತ್ತಾಯಿಸಿದ್ದರೂ ಅದನ್ನು ದುಡಿಮೆಯ ಕಾಲವೆನ್ನುವುದು ಕಷ್ಟವೆಂದು ಕಾರ್ಮಿಕ ಸಚಿವಾಲಯ ಉತ್ತರಿಸಿತು. ಮರುವರ್ಷ, ಎಂದರೆ 2019ರ ಜುಲೈಯಲ್ಲಿ, ಕೆಲಸದ ಸ್ಥಳದ ಪೀಡನೆಯನ್ನು ನಿಷೇಧಿಸುವ ಕಾನೂನು ಜಾರಿಗೆ ಬಂದಾಗ, ಅದೇ ಸಚಿವಾಲಯದ ಕೈಪಿಡಿಯು ಕುಡಿಯಲು ಅಥವಾ ಹ್ವೆಸಿಕ್‌ಗೆ ಬರಲು ಬಲವಂತಪಡಿಸುವುದನ್ನು ಪೀಡನೆಯ ನಿದರ್ಶನಗಳಲ್ಲಿ ಸೇರಿಸಿತು. ಅಲ್ಲಿಗೆ, ಕೊರಿಯದ ನೌಕರನನ್ನು ಕೂಟಕ್ಕೆ ಎಳೆದುತಂದರೆ ಅದು ಪೀಡನೆ. ಆದರೆ ಎಳೆದುತಂದ ಮೇಲೆ ಅವನು ಕಳೆದ ನಾಲ್ಕು ಗಂಟೆಗಳು ದುಡಿಮೆಯಲ್ಲ. ಕುಡಿತದ ಸಂಸ್ಕೃತಿಯನ್ನು ಅಪಹಾಸ್ಯ ಮಾಡುವುದು ಸುಲಭ. ಅದರ ಗಂಟೆಗಳಿಗೆ ಬೆಲೆ ಕಟ್ಟುವ ಧೈರ್ಯ ಯಾವ ಸರ್ಕಾರಕ್ಕೂ ಸುಲಭವಾಗಿ ಬಾರದು.

ಫ್ರಾನ್ಸಿನ ಮೊಕದ್ದಮೆ ಇವೆರಡಕ್ಕಿಂತ ಪ್ರಸಿದ್ಧವಾಯಿತು. ಪ್ರಸಿದ್ಧವಾದ ಪ್ರಮಾಣದಲ್ಲಿ ಅಪಾರ್ಥಕ್ಕೂ ಗುರಿಯಾಯಿತು. ಪ್ಯಾರಿಸಿನ ಕ್ಯೂಬಿಕ್ ಪಾರ್ಟ್‌ನರ್ಸ್ ಎಂಬ ಸಲಹಾಸಂಸ್ಥೆಯು ಮೋಜು ಮತ್ತು ವೃತ್ತಿನಿಷ್ಠೆ ಎರಡನ್ನೂ ಬೆಸೆದ ತತ್ತ್ವವೊಂದನ್ನು ತನ್ನ ಧ್ಯೇಯವೆಂದು ಸಾರಿಕೊಂಡಿತ್ತು. ವಾರಾಂತ್ಯದ ಪಾನಗೋಷ್ಠಿಗಳಲ್ಲಿ ಮಿತಿಮೀರಿದ ಕುಡಿತ, ಸಹೋದ್ಯೋಗಿಗಳಿಗೆ ಅಸಭ್ಯವಾದ ಅಡ್ಡಹೆಸರುಗಳು, ಹೊರಊರಿನ ಸಮಾವೇಶಗಳಲ್ಲಿ ಇನ್ನೊಬ್ಬ ನೌಕರನೊಂದಿಗೆ ಒಂದೇ ಹಾಸಿಗೆಯನ್ನು ಹಂಚಿಕೊಳ್ಳುವ ನಿರ್ಬಂಧ, ಇವು ಆ ಧ್ಯೇಯದ ಆಚರಣೆಯ ರೂಪಗಳಾಗಿದ್ದುವು. ಇವುಗಳಿಂದ ದೂರವುಳಿದ ಹಿರಿಯ ನೌಕರನೊಬ್ಬನನ್ನು ಸಂಸ್ಥೆಯು 2015ರಲ್ಲಿ ವೃತ್ತಿಯಲ್ಲಿ ಅಸಮರ್ಥನೆಂಬ ಕಾರಣವನ್ನಿತ್ತು ವಜಾಮಾಡಿತು. ಸಂಸ್ಥೆಯ ಮೋಜಿನ ತತ್ತ್ವವನ್ನು ಅವನು ಅಂಗೀಕರಿಸಲಿಲ್ಲವೆಂಬುದೂ ಆ ಕಾರಣಗಳಲ್ಲಿ ಸೇರಿತ್ತು. ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವು 2022ರ ನವೆಂಬರ್ 9ರಂದು, ಇಂತಹ ಆಚರಣೆಗಳಲ್ಲಿ ಭಾಗವಹಿಸಲು ನಿರಾಕರಿಸಿ ಅವುಗಳನ್ನು ಟೀಕಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದಿತು.

ಪತ್ರಿಕೆಗಳು ಇದನ್ನು ‘ಕಚೇರಿಯಲ್ಲಿ ನೀರಸವಾಗಿರುವ ಹಕ್ಕು’ ಎಂದು ತಲೆಬರಹವಿತ್ತು ಸಾರಿದುವು, ಓದುಗರು ನಕ್ಕರು. ತೀರ್ಪಿನ ಸತ್ವವಿದ್ದುದು ಬೇರೆ ಕಡೆ. ಆ ದೇಶದ ಕಾನೂನಿನಲ್ಲಿ ಸಾಕಷ್ಟು ಕಾರಣವಿಲ್ಲದ ವಜಾ ಒಂದು ಬಗೆ, ಮೂಲಭೂತ ಸ್ವಾತಂತ್ರ್ಯವನ್ನು ಮುರಿದ ವಜಾ ಇನ್ನೊಂದು ಬಗೆ. ಮೊದಲನೆಯದಕ್ಕೆ ಮಿತವಾದ ಹಣದ ಪರಿಹಾರ. ಎರಡನೆಯದು ಶೂನ್ಯ, ಎಂದರೆ ವಜಾ ನಡೆದೇ ಇಲ್ಲವೆಂಬಂತೆ ನೌಕರನು ತನ್ನ ಸ್ಥಾನಕ್ಕೆ ಮರಳಬಹುದು, ನಡುವಣ ವರ್ಷಗಳ ವೇತನವನ್ನೂ ಪಡೆಯಬಹುದು. ಇತರ ಕಾರಣಗಳು ಎಷ್ಟೇ ಇರಲಿ, ಅವುಗಳ ನಡುವೆ ಸ್ವಾತಂತ್ರ್ಯಭಂಗದ ಒಂದು ಕಾರಣ ಸೇರಿದರೆ ಇಡೀ ವಜಾ ಕೆಟ್ಟುಹೋಗುತ್ತದೆ. ಈ ಲೆಕ್ಕದ ಮೇಲೆಯೇ 2024ರ ಜನವರಿಯಲ್ಲಿ ಪ್ಯಾರಿಸಿನ ಮೇಲ್ಮನವಿ ನ್ಯಾಯಾಲಯವು ಆತನ ಮರುನೇಮಕಕ್ಕೂ ಐದು ಲಕ್ಷ ಯೂರೋಗಳ ಸಮೀಪದ ಮೊತ್ತಕ್ಕೂ ಆದೇಶವಿತ್ತಿತು. ಆದರೆ ಗುಂಪಿನ ಊಟಕ್ಕೆ ಬಾರದ ಪ್ರತಿಯೊಬ್ಬನಿಗೂ ಈ ತೀರ್ಪು ಕವಚವಾಗುತ್ತದೆಯೆಂದು ತಿಳಿಯಬಾರದು. ಅಲ್ಲಿದ್ದುದು ಅವಮಾನವೂ ಅತಿರೇಕವೂ ಬೆರೆತ ಕೂಟ. ಜೊತೆಗೆ ಆ ನಿರಾಕರಣೆಯನ್ನು ಸಂಸ್ಥೆಯೇ ಕಾಗದದ ಮೇಲೆ ಬರೆದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಿತ್ತು. ನಮ್ಮಲ್ಲಿ ಅಷ್ಟು ಪ್ರಾಮಾಣಿಕವಾದ ವಜಾಪತ್ರವನ್ನು ಯಾರೂ ಬರೆಯುವುದಿಲ್ಲ.

ಇನ್ನು ಬೆಂಗಳೂರು. ಇಲ್ಲಿನ ತಂತ್ರಾಂಶ ಸಂಸ್ಥೆಗಳಲ್ಲಿ ತಂಡಕ್ಕೊಂದರಂತೆ ಮೂರು ತಿಂಗಳಿಗೋ ಆರು ತಿಂಗಳಿಗೋ ತಲೆಗಿಷ್ಟೆಂದು ವಿನೋದದ ಹಣ ಮಂಜೂರಾಗುತ್ತದೆ. ಅವಧಿ ಮುಗಿಯುವುದರೊಳಗೆ ವೆಚ್ಚ ಮಾಡದಿದ್ದರೆ ಅದು ಬಹುಮಟ್ಟಿಗೆ ರದ್ದಾಗುತ್ತದೆ. ವಿಹಾರಗಳು ಮಾರ್ಚಿನ ಕೊನೆಯಲ್ಲಿ ಸಾಲುಗಟ್ಟಿ ಬರುವುದಕ್ಕೆ ಸಹೋದ್ಯೋಗಿಗಳ ಪರಸ್ಪರ ಪ್ರೀತಿ ಆ ತಿಂಗಳಲ್ಲಿ ಉಕ್ಕುತ್ತದೆಂಬುದು ಕಾರಣವಲ್ಲ. ನಲವತ್ತು ಜನರ ಒಂದು ತಂಡವನ್ನು ಕಲ್ಪಿಸಿಕೊಳ್ಳಿ. ಮಂಗಳವಾರ ವಾಟ್ಸಾಪಿನಲ್ಲಿ ಒಂದು ಮತದಾನ ಬರುತ್ತದೆ. ಯಾರು ಬರುತ್ತಾರೆ, ಯಾರು ಇಲ್ಲವೆಂದರು ಎಂಬುದು ಎಲ್ಲರಿಗೂ ಹೆಸರುಸಮೇತ ಕಾಣುತ್ತದೆ. ಬುಧವಾರ ಒಂದು ಪಟ್ಟಿ ಬರುತ್ತದೆ: ಹೆಸರು, ಸಸ್ಯಾಹಾರವೋ ಮಾಂಸಾಹಾರವೋ, ಟೀ ಶರ್ಟಿನ ಅಳತೆ, ಬಸ್ಸು ಹತ್ತುವ ಸ್ಥಳ, ಕೊನೆಯಲ್ಲಿ ‘ಬರುವುದಿಲ್ಲವಾದರೆ ಕಾರಣ’ ಎಂಬ ಒಂದು ಅಂಕಣ. ಶನಿವಾರ ಬೆಳಗ್ಗೆ ಆರೂವರೆಗೆ ಮಾರತ್ತಹಳ್ಳಿಯಲ್ಲಿ ಬಸ್ಸು. ಅಲ್ಲಿಗೆ ಹೊತ್ತಿಗೆ ಸರಿಯಾಗಿ ಸೇರಬೇಕಾದರೆ ರಾಜಾಜಿನಗರದವಳು ಐದೂವರೆಗೇ ಮನೆ ಬಿಡಬೇಕು. ಕನಕಪುರದ ಕಡೆಯ ರೆಸಾರ್ಟಿನಲ್ಲಿ ತಿಂಡಿ, ಮಧ್ಯಾಹ್ನದವರೆಗೆ ಹಗ್ಗ ಎಳೆಯುವುದು, ಕಣ್ಣುಕಟ್ಟಿಕೊಂಡು ನಡೆಯುವುದು ಮೊದಲಾದ ಆಟಗಳು, ಊಟ, ಈಜುಕೊಳ, ಕೃತಕ ಮಳೆಯಲ್ಲಿ ನೃತ್ಯ, ಪಕೋಡ ಮತ್ತು ಚಹ, ಸಂಜೆ ಡಿಜೆ. ಬಸ್ಸು ಮರಳಿ ಮಾರತ್ತಹಳ್ಳಿಗೆ ಬರುವಾಗ ರಾತ್ರಿ ಹತ್ತು. ಆಕೆ ಮನೆಯ ಬಾಗಿಲು ತಟ್ಟುವಾಗ ಹನ್ನೊಂದು. ಹದಿನೇಳೂವರೆ ಗಂಟೆಗಳ ದಿನವದು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳೆಂಬ ಎಲ್ಲೆಯನ್ನೂ ವಾರಕ್ಕೊಂದು ಪೂರ್ಣ ದಿನದ ರಜೆಯನ್ನೂ ವಿಧಿಸಿದೆ. ಈ ಹದಿನೇಳೂವರೆ ಗಂಟೆಗಳು ಅಲ್ಲಿ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದು ದುಡಿಮೆಯೆಂದು ಯಾರೂ ಒಪ್ಪಿಲ್ಲ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಐದು ದಿನದ ವಾರವಿರುವ ಸಂಸ್ಥೆಗಳಲ್ಲಿ ಶನಿವಾರದ ಬಿಡುವು ಸಂಸ್ಥೆಯ ಕೊಡುಗೆಯೇ ಹೊರತು ಕಾನೂನಿನದಲ್ಲ. ಕಾನೂನು ಕೇಳುವುದು ಒಂದೇ ದಿನವನ್ನು. ಆದ್ದರಿಂದ ಶನಿವಾರದ ವಿಹಾರವು ಕಾನೂನನ್ನು ಸ್ಪರ್ಶಿಸದೆ ದಾಟಿಹೋಗುತ್ತದೆ. ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಮರಳುವ ಸಕಲೇಶಪುರ, ಚಿಕ್ಕಮಗಳೂರುಗಳ ಯಾತ್ರೆಯಲ್ಲಿ ಮಾತ್ರ ಕಾನೂನಿನ ಆ ಒಂದು ದಿನವೂ ಮುಳುಗುತ್ತದೆ. ಸೋಮವಾರ ಬದಲಿ ರಜೆ ಕೊಡುವ ಮ್ಯಾನೇಜರುಗಳಿಲ್ಲವೆಂದಲ್ಲ, ಅವರ ಸಂಖ್ಯೆ ಹೆಚ್ಚಿದೆಯೆಂದು ಮಾತ್ರ ಹೇಳಲಾರೆ.

ಇದೇ ವಿಹಾರವನ್ನು ನಮ್ಮ ಇನ್ನೊಂದು ಕಾಯಿದೆ ನಿಸ್ಸಂದೇಹವಾಗಿ ಕೆಲಸವೆಂದು ಕರೆಯುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು, ಉದ್ಯೋಗದ ನಿಮಿತ್ತವಾಗಿ ನೌಕರಳು ಹೋಗುವ ಯಾವುದೇ ಜಾಗವನ್ನೂ, ಸಂಸ್ಥೆ ಒದಗಿಸಿದ ವಾಹನವನ್ನೂ ಕೆಲಸದ ಸ್ಥಳದ ವ್ಯಾಖ್ಯೆಯೊಳಗೆ ತಂದಿದೆ. ಆ ಈಜುಕೊಳವೂ ನೃತ್ಯದ ಅಂಗಳವೂ ಮಾರತ್ತಹಳ್ಳಿಯ ಬಸ್ಸೂ ಆ ಮಟ್ಟಿಗೆ ಕಚೇರಿಯೇ. ಅಲ್ಲಿ ನಡೆದ ಅನುಚಿತ ವರ್ತನೆಯ ದೂರನ್ನು ಸಂಸ್ಥೆಯ ಆಂತರಿಕ ಸಮಿತಿಯು ‘ಅದು ಕಚೇರಿಯ ಹೊರಗೆ ನಡೆದದ್ದು’ ಎಂದು ಹಿಂದಿರುಗಿಸುವಂತಿಲ್ಲ. ಹೀಗೆ ಒಂದೇ ಬಸ್ಸು, ಒಂದು ಕಾಯಿದೆಯ ದೃಷ್ಟಿಯಲ್ಲಿ ಕಚೇರಿಯಾಗಿಯೂ ಇನ್ನೊಂದರ ದೃಷ್ಟಿಯಲ್ಲಿ ಬರಿಯ ಬಸ್ಸಾಗಿಯೂ ಓಡುತ್ತಿದೆ.

ಇಷ್ಟಿದ್ದೂ ಒತ್ತಾಯವಿದೆಯೋ ಇಲ್ಲವೋ ಎಂಬುದನ್ನು ಕಂಡುಹಿಡಿಯುವುದು ಹೇಗೆ? ನನಗೆ ತಿಳಿದಂತೆ ಇದರ ಗುರುತು ಕೆಲಸದ ದಿನ ನಡೆಯುವ ವಿಹಾರದಲ್ಲಿ ನಿಚ್ಚಳವಾಗಿ ಸಿಕ್ಕುತ್ತದೆ. ಶುಕ್ರವಾರ ಎಲ್ಲರೂ ರೆಸಾರ್ಟಿಗೆ ಹೋದರೆ ಹೋಗದವನು ಏನು ಮಾಡಬೇಕು? ಎಂದಿನಂತೆ ಕಚೇರಿಗೆ ಬಂದು ಕೆಲಸ ಮಾಡಬಹುದೆಂದರೆ ಆಹ್ವಾನ ಪ್ರಾಮಾಣಿಕವಾದದ್ದು. ಅವನು ತನ್ನ ಖಾತೆಯ ಒಂದು ರಜೆಯನ್ನು ಹಾಕಬೇಕೆಂದರೆ, ವಿಹಾರಕ್ಕೆ ಹೋಗುವುದು ಆ ದಿನದ ಕೆಲಸವೆಂದೂ ಹೋಗದಿರುವುದು ಗೈರುಹಾಜರಿಯೆಂದೂ ಸಂಸ್ಥೆ ತಾನೇ ಒಪ್ಪಿಕೊಂಡಂತಾಯಿತು. ಎರಡನೆಯ ಗುರುತು ವರ್ಷಾಂತ್ಯದ ಅಪ್ರೈಸಲ್‌ನಲ್ಲಿದೆ. ಅಲ್ಲಿ ‘ವಿಹಾರಕ್ಕೆ ಬರಲಿಲ್ಲ’ ಎಂದು ಯಾರೂ ಬರೆಯುವುದಿಲ್ಲ. ‘ತಂಡದೊಂದಿಗೆ ಇನ್ನಷ್ಟು ಬೆರೆಯಬೇಕು’ ಎಂದು ಬರೆಯುತ್ತಾರೆ. ಈ ವಾಕ್ಯವನ್ನು ಕಂಡವನು, ಯಾವ ಕೆಲಸದಲ್ಲಿ, ಯಾವ ದಿನ, ಯಾರೊಂದಿಗೆ ತಾನು ಬೆರೆಯಲಿಲ್ಲವೆಂದು ವಿನಯದಿಂದ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಕೆಲಸದ ಉದಾಹರಣೆ ದೊರೆಯದಿದ್ದರೆ ವಾಕ್ಯದ ಮೂಲ ಯಾವುದೆಂದು ಇಬ್ಬರಿಗೂ ತಿಳಿದುಹೋಗುತ್ತದೆ.

ಪಾನಗೋಷ್ಠಿಯ ಮಾತು ಇನ್ನೂ ನಾಜೂಕಿನದು. ಕುಡಿಯದಿರುವುದಕ್ಕೆ ನಮ್ಮ ಕಚೇರಿಗಳು ವ್ರತವನ್ನು ಒಪ್ಪುತ್ತವೆ, ಮಾತ್ರೆಯನ್ನು ಒಪ್ಪುತ್ತವೆ. ಬರಿಯ ಇಚ್ಛೆಯನ್ನು ಒಪ್ಪುವುದಿಲ್ಲ. ಅಯ್ಯಪ್ಪನ ಮಾಲೆ ಧರಿಸಿದವನ ಕಪ್ಪು ಬಟ್ಟೆಯನ್ನು ಕಂಡೊಡನೆ ಲೋಟ ಹಿಂದೆ ಸರಿಯುತ್ತದೆ. ಶ್ರಾವಣವೆಂದರೆ ಒಂದು ತಿಂಗಳ ಮಟ್ಟಿಗೆ ಬಿಡುಗಡೆ. ಶನಿವಾರವೆಂದರೆ ಒಂದು ದಿನದ್ದು. ಆಂಟಿಬಯಾಟಿಕ್ ನುಂಗುತ್ತಿದ್ದೇನೆಂದರೆ ಮರುಮಾತಿಲ್ಲ. ‘ನನಗೆ ಬೇಡ’ ಎಂದಷ್ಟೇ ಹೇಳಿದವನಿಗೆ ಮಾತ್ರ ಒಂದೇ ಒಂದು ಗುಟುಕು ಕುಡಿದು ನೋಡೆಂಬ ಉಪದೇಶ ನಾಲ್ಕು ದಿಕ್ಕಿನಿಂದಲೂ ಬರುತ್ತದೆ. ಇದರ ಫಲವಾಗಿ, ವರ್ಷವಿಡೀ ಇಲ್ಲದ ಕಾಯಿಲೆಗಳನ್ನೂ ಇಲ್ಲದ ಹರಕೆಗಳನ್ನೂ ಹೇಳಿಕೊಂಡು ತಿರುಗುವ ಸತ್ಯವಂತರು ನಮ್ಮ ನಡುವೆ ಬೆಳೆಯುತ್ತಿದ್ದಾರೆ. ಜಪಾನಿನಲ್ಲಿ 2007ರ ರಸ್ತೆ ಸಂಚಾರ ಕಾನೂನಿನ ತಿದ್ದುಪಡಿಯು, ವಾಹನ ನಡೆಸುವವನಿಗೆ ಮದ್ಯ ಕೊಟ್ಟವನನ್ನೂ ದಂಡನೆಗೆ ಗುರಿಮಾಡಿದ ಮೇಲೆ ‘ನಾನು ಕಾರಿನಲ್ಲಿ ಬಂದಿದ್ದೇನೆ’ ಎಂಬುದು ಯಾರೂ ಪ್ರಶ್ನಿಸಲಾರದ ಉತ್ತರವಾಯಿತು. ನಮ್ಮಲ್ಲಿ ಮೋಟಾರು ವಾಹನ ಕಾಯಿದೆಯು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರವನ್ನು ಮೀರಿದ ಚಾಲಕನನ್ನು ಶಿಕ್ಷಿಸುತ್ತದೆ. ಅವನ ಲೋಟಕ್ಕೆ ಸುರಿದ ಮ್ಯಾನೇಜರನು ನಿಶ್ಚಿಂತನಾಗಿ ಕ್ಯಾಬಿನಲ್ಲಿ ಮನೆಗೆ ಹೋಗುತ್ತಾನೆ. ದೇಹದ ಮಾತನ್ನೂ ಇಲ್ಲಿ ಹೇಳಬೇಕು. ಪೂರ್ವ ಏಷ್ಯಾದ ಜನರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರಿಗೆ ಮದ್ಯವನ್ನು ಜೀರ್ಣಿಸುವ ಒಂದು ಕಿಣ್ವ ಹುಟ್ಟಿನಿಂದಲೇ ನಿಷ್ಕ್ರಿಯವಾಗಿರುತ್ತದೆ. ಎರಡು ಗುಟುಕಿಗೆ ಮುಖ ಕೆಂಪೇರಿ, ಎದೆ ಬಡಿದುಕೊಳ್ಳುತ್ತದೆ. ಅಭ್ಯಾಸದಿಂದ ಸರಿಹೋಗುವುದೆಂದು ಅಂಥವರಿಗೆ ಸುರಿಯುವ ಹಿರಿಯನು ಅವರ ರಕ್ತಕ್ಕೆ ವಿಷವನ್ನೇ ಸೇರಿಸುತ್ತಿರುತ್ತಾನೆ.

ಕುಡಿಯದವನಿಗೆ ಇದರ ಮೇಲೆ ಒಂದು ದಂಡವೂ ಉಂಟು. ಮದ್ಯದ ಬಿಲ್ಲನ್ನು ತೀರಿಸುವುದಿಲ್ಲವೆಂದು ಹಲವು ಸಂಸ್ಥೆಗಳ ನಿಯಮವಿರುವುದರಿಂದ ಆ ಭಾಗವನ್ನು ಬಂದವರೆಲ್ಲ ಸಮನಾಗಿ ಹಂಚಿಕೊಳ್ಳುವುದು ರೂಢಿ. ಹತ್ತು ಜನರು ತಾವೇ ಹಣ ಹಾಕಿದ ಕೂಟವೊಂದರಲ್ಲಿ 12,000 ರೂಪಾಯಿಯ ಬಿಲ್ಲಾಗಿ, ಅದರಲ್ಲಿ ಮದ್ಯಕ್ಕೆ 7,000, ಊಟಕ್ಕೆ 5,000 ಎನ್ನಿ, ನಾಲ್ವರು ಕುಡಿಯದವರೆನ್ನಿ. ಅವರು ತಿಂದದ್ದು ತಲೆಗೆ 500 ರೂಪಾಯಿಯ ಊಟ, ಕೊಡುವುದು 1,200. ಒಟ್ಟು 2,800 ರೂಪಾಯಿಗಳಷ್ಟು ಅನ್ಯರ ಮದ್ಯಕ್ಕೆ ಆ ನಾಲ್ವರು ಸದ್ದಿಲ್ಲದೆ ದಾನಿಗಳಾಗುತ್ತಾರೆ. ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿದವನು ಜಿಪುಣನೆನಿಸುವುದರಿಂದ ಯಾರೂ ಹೇಳುವುದಿಲ್ಲ. ಬಿಲ್ಲನ್ನು ಎರಡು ಚೀಟಿಗಳಲ್ಲಿ ತರಿಸುವ ಸರಳ ಉಪಾಯ ಹೋಟೆಲಿನವರಿಗೆ ಕಷ್ಟವೇನಲ್ಲ. ಕೇಳುವವರು ಬೇಕು, ಮತ್ತು ಕೇಳುವವನು ಕುಡಿಯುವವರಲ್ಲೊಬ್ಬನಾಗಿದ್ದರೆ ಮೇಲು.

ಹಬ್ಬದ ಒತ್ತಾಯ ಇವೆರಡರಂತಲ್ಲ; ಅದು ಪ್ರೀತಿಯ ವೇಷದಲ್ಲಿ ಬರುವುದರಿಂದ ಅದನ್ನು ತಡೆಯುವವನೇ ಒರಟನಾಗಿ ಕಾಣುತ್ತಾನೆ. ಬೆಂಗಳೂರಿನ ಹಳೆಯ ಕಾರ್ಖಾನೆಗಳಲ್ಲಿ ಆಯುಧಪೂಜೆ ಹಿಂದಿನಿಂದಲೂ ಇತ್ತು. ನವಮಿಯ ದಿನ ರಜೆಯಾದುದರಿಂದ ಅದಕ್ಕೆ ಮುಂಚಿನ ಕೆಲಸದ ದಿನ, ಪಾಳಿಯ ವೇಳೆಯಲ್ಲಿಯೇ, ಯಂತ್ರಗಳನ್ನು ತೊಳೆದು ಕುಂಬಳಕಾಯಿ ಒಡೆದು ಪುರಿ ಹಂಚುತ್ತಿದ್ದರು. ಅದಕ್ಕಾಗಿ ಸ್ವಂತ ಹೊತ್ತನ್ನು ಯಾರೂ ತೆರಬೇಕಾಗಿರಲಿಲ್ಲ. ಪೂಜೆಯಲ್ಲಿ ನಂಬಿಕೆಯಿಲ್ಲದವನು ಸ್ವಲ್ಪ ದೂರ ನಿಂತು ಪುರಿಯ ಪೊಟ್ಟಣವನ್ನು ಮಾತ್ರ ಪಡೆದುಕೊಂಡು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಂದಿನ ಗಾಜಿನ ಕಚೇರಿಗಳಲ್ಲಿ ಹಬ್ಬವು ಸ್ಪರ್ಧೆಯಾಗಿದೆ. ದೀಪಾವಳಿಗೆ ಯಾವ ತಂಡದ ಸಾಲು ಅಲಂಕಾರದಲ್ಲಿ ಮೊದಲೆಂಬ ಪಂದ್ಯಕ್ಕಾಗಿ ಕೆಲಸ ಮುಗಿದ ಮೇಲೆ ರಾತ್ರಿ ಒಂಬತ್ತರವರೆಗೆ ಕಾಗದ ಕತ್ತರಿಸಬೇಕು; ಎಥ್ನಿಕ್ ಡೇ ಎಂದು ಸೀರೆಯುಟ್ಟು ಬರಬೇಕು; ರಂಗೋಲಿಯನ್ನು ಹೆಂಗಸರೇ ಇಡಬೇಕೆಂಬುದನ್ನು ಯಾರೂ ಹೇಳದಿದ್ದರೂ ಬಣ್ಣದ ಡಬ್ಬಿಗಳು ಅವರ ಮೇಜಿಗೇ ಬಂದು ಕೂರುತ್ತವೆ. ಇವೆಲ್ಲದರ ಛಾಯಾಚಿತ್ರ ಸಂಸ್ಥೆಯ ಪುಟದಲ್ಲಿ ಪ್ರಕಟವಾಗಿ ಮುಂದಿನ ಉದ್ಯೋಗಾರ್ಥಿಗಳಿಗೆ ಜಾಹೀರಾತಾಗುತ್ತದೆ. ಜಾಹೀರಾತಿಗೆ ನಟಿಸುವುದು ಕೆಲಸವಲ್ಲವಾದರೆ ಇನ್ನಾವುದು ಕೆಲಸ?

ವರಮಹಾಲಕ್ಷ್ಮಿಯ ವಾರದಲ್ಲಿ ಕಚೇರಿಯ ಗೆಳತಿಯರು ಅರಿಸಿನ ಕುಂಕುಮವನ್ನು ಮೇಜಿನಿಂದ ಮೇಜಿಗೆ ಒಯ್ಯುವ ಒಂದು ಪದ್ಧತಿಯಿದೆ. ಕೊಡುವವರ ಮನಸ್ಸಿನಲ್ಲಿ ಕಲ್ಮಷವಿರುವುದಿಲ್ಲ. ಆದರೆ ತಟ್ಟೆಯು ಒಬ್ಬ ಮುಸ್ಲಿಂ ಅಥವಾ ಕ್ರೈಸ್ತ ಸಹೋದ್ಯೋಗಿಯ ಮುಂದೆ ಬಂದು ನಿಂತಾಗ, ಬೇಡವೆಂದರೆ ಸ್ನೇಹಕ್ಕೆ ಧಕ್ಕೆ, ಹಚ್ಚಿಕೊಂಡರೆ ಮನಸ್ಸಿಗೆ ಧಕ್ಕೆ; ಹತ್ತು ಜನರ ಕಣ್ಣಿನೆದುರು ಮೂರು ಕ್ಷಣಗಳಲ್ಲಿ ಅವಳು ನಿರ್ಧರಿಸಬೇಕು. ಇದಕ್ಕಿಂತ ಕಠಿನವಾದ ಸಂದರ್ಭವೊಂದುಂಟು. ಪತಿಯನ್ನು ಕಳೆದುಕೊಂಡ ಸಹೋದ್ಯೋಗಿಯ ಮೇಜಿನ ಬಳಿ ತಟ್ಟೆಯು ಒಂದು ಕ್ಷಣ ತಡೆದು, ಪಕ್ಕದ ಮೇಜಿಗೆ ಹೋಗುತ್ತದೆ. ಅವಳನ್ನು ಯಾರೂ ಏನೂ ಅನ್ನಲಿಲ್ಲ. ಆದರೆ ಮನೆಯ ಹೊಸಿಲಿನೊಳಗೆ ಉಳಿಯಬಹುದಾಗಿದ್ದ ಒಂದು ಭೇದ, ಅವಳು ತನ್ನ ವಿದ್ಯೆಯಿಂದ ಗಳಿಸಿದ ಕುರ್ಚಿಯವರೆಗೆ ಬಂದು ಅವಳನ್ನು ಹುಡುಕಿತು. ಒಲ್ಲೆನೆನ್ನಲಾಗದ ಕಷ್ಟವನ್ನು ಕುರಿತು ಬರೆಯುವವರು ಕರೆಯೇ ಬಾರದ ಈ ಕಷ್ಟವನ್ನು ಬಿಡಬಾರದು. ಎರಡಕ್ಕೂ ಮೂಲ ಒಂದೇ, ಮನೆಯ ಆಚಾರವು ದುಡಿಮೆಯ ಜಾಗಕ್ಕೆ ಬಂದಿರುವುದು.

ಕೇರಳದ ಮೂವರು ಶಾಲಾಮಕ್ಕಳ ಮೊಕದ್ದಮೆ ಇಲ್ಲಿ ನೆನಪಾಗುತ್ತದೆ. ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದ, ಆದರೆ ಧರ್ಮದ ಕಾರಣದಿಂದ ಹಾಡದಿದ್ದ ಅವರನ್ನು ಶಾಲೆ ಹೊರಹಾಕಿತ್ತು. 1986ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಅವರನ್ನು ಮರಳಿ ಸೇರಿಸಬೇಕೆಂದಿತು. ಗೌರವವನ್ನು ಕೇಳಬಹುದು, ಭಾಗವಹಿಸುವಿಕೆಯನ್ನು ಕೇಳಲಾಗದು ಎಂಬ ಆ ಭೇದವು ಕಚೇರಿಯ ಪೂಜೆಗೂ ಒಪ್ಪುವಂತಹದೇ. ಆದರೆ ಸಂವಿಧಾನದ ಮೂಲಭೂತ ಹಕ್ಕುಗಳನ್ನು ಸಾಮಾನ್ಯವಾಗಿ ಸರ್ಕಾರದ ಎದುರು ಹಿಡಿಯಬಹುದೇ ಹೊರತು ಖಾಸಗಿ ಸಂಸ್ಥೆಯ ಎದುರಲ್ಲ. ಪ್ಯಾರಿಸಿನ ನೌಕರನಿಗೆ ದೊರೆತಂತಹ ಆಸರೆ ಮಾರತ್ತಹಳ್ಳಿಯ ನೌಕರನಿಗೆ ಸುಲಭವಾಗಿ ದೊರೆಯದು.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳುವುದು ನ್ಯಾಯ. 2020ರ ಬಳಿಕ ಮನೆಯಿಂದಲೇ ಕೆಲಸಕ್ಕೆ ಸೇರಿದ ಹಲವರು ಜೊತೆಗಾರರ ಮುಖವನ್ನು ಮೊದಲ ಬಾರಿಗೆ ಕಂಡದ್ದು ಇಂತಹ ವಿಹಾರಗಳಲ್ಲಿಯೇ. ಒಡಿಶಾದಿಂದಲೋ ಬೀದರಿನಿಂದಲೋ ಬಂದು ಪಿ.ಜಿ.ಯಲ್ಲಿ ವಾಸಿಸುವ ತರುಣನಿಗೆ ಆ ಶನಿವಾರ ತಿಂಗಳಲ್ಲೇ ಒಳ್ಳೆಯ ದಿನವಾಗಿರಬಹುದು. ಅದೇ ಶನಿವಾರ ಎಳೆಗೂಸಿನ ತಾಯಿಗೆ ಒಂದು ವಿಶ್ರಾಂತಿಯ ದಿನದ ನಷ್ಟ. ಕೂಟಗಳನ್ನೇ ನಿಲ್ಲಿಸಬೇಕೆನ್ನುವವರು ಮೊದಲನೆಯವನನ್ನು ಮರೆಯುತ್ತಾರೆ. ಎಲ್ಲರೂ ಬರಲೇಬೇಕೆನ್ನುವವರು ಎರಡನೆಯವಳನ್ನು. ಬಂದವನ ಸಂತೋಷಕ್ಕೆ ಬಾರದವಳ ಹಾಜರಿ ಅಗತ್ಯವೆಂದು ನನಗಂತೂ ಎಂದೂ ತೋರಿಲ್ಲ.

ಆದ್ದರಿಂದ ಸಂಸ್ಥೆಗಳು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದೆ. ಕೂಟವು ಕೆಲಸವೆಂದಾದರೆ ಅದು ಕೆಲಸದ ದಿನ, ಕೆಲಸದ ವೇಳೆಯಲ್ಲಿ, ಮದ್ಯವಿಲ್ಲದೆ, ಮನೆಯವರೆಗಿನ ವಾಹನದ ಸಮೇತ ನಡೆಯಲಿ. ಹೆಚ್ಚಿದ ಗಂಟೆಗಳಿಗೆ ಬದಲಿ ರಜೆ ಸಿಗಲಿ. ವಿರಾಮವೆಂದಾದರೆ, ಬಾರದವನ ರಜೆಯನ್ನೂ ಅವನ ಅಪ್ರೈಸಲನ್ನೂ ಅದು ಮುಟ್ಟದಿರಲಿ. ಮ್ಯಾನೇಜರುಗಳಾಗಿರುವ ಓದುಗರಲ್ಲಿ ನನ್ನದೊಂದು ವಿನಂತಿ. ಮುಂದಿನ ವಿಹಾರಕ್ಕೆ ಹೆಸರುಸಮೇತದ ಮತದಾನವನ್ನು ಬಿಟ್ಟು ಎಷ್ಟು ಊಟ ಬೇಕೆಂಬುದನ್ನು ಮಾತ್ರ ಕೇಳಿರಿ. ಒಮ್ಮೆ ಇಲ್ಲವೆಂದವರನ್ನು ಎರಡನೆಯ ಸಲ ಕೇಳಬೇಡಿರಿ. ಪಟ್ಟಿಯ ಕೊನೆಯಲ್ಲಿರುವ ‘ಬರುವುದಿಲ್ಲವಾದರೆ ಕಾರಣ’ ಎಂಬ ಅಂಕಣವನ್ನು ತೆಗೆದುಹಾಕಿರಿ.